ರದ್ದು ಮಾಡಿದ ಚಂದಾಕ್ಕೆ ನವೀಕರಣದ ಹಣ ಕಡಿತವಾದರೆ ಪತ್ರ ಹೇಗೆ ಬರೆಯಬೇಕು?

ಪ್ರಶ್ನೆ: ಹಾಸನದ ಶಿಕ್ಷಕಿಯೊಬ್ಬರಿಂದ

ಸಿನಿಮಾ, ಧಾರಾವಾಹಿ ನೋಡುವ ಒಂದು ಆ್ಯಪ್‌ಗೆ ನಮ್ಮ ಮನೆಯಲ್ಲಿ ವರ್ಷದ ಚಂದಾ ಇತ್ತು. ಅವಧಿ ಜೂನ್ 14ಕ್ಕೆ ಮುಗಿಯುವುದಿತ್ತು. 11ರ ರಾತ್ರಿ 9.40ಕ್ಕೆ ಚಂದಾ ರದ್ದು ಮಾಡಿದೆ, ರದ್ದಾಗಿದೆ ಎಂಬ ಇಮೇಲೂ ಬಂತು. 13ರಂದು ಬ್ಯಾಂಕಿನಿಂದ ‘ಹಣ ಕಡಿತವಾಗಲಿದೆ’ ಎಂಬ ಎಸ್ಸೆಮ್ಮೆಸ್ ಬಂದಾಗ, ರದ್ದಾಗಿದೆಯಲ್ಲ ಎಂದು ಸುಮ್ಮನಿದ್ದೆ. 15ರಂದು ಯುಪಿಐ ಆಟೋಪೇ ಮೂಲಕ ರೂ. 1,499 ಹೋಗಿದೆ. ಚಾಟ್‌ನಲ್ಲಿ ಕೇಳಿದರೆ ‘ನವೀಕರಣದ ಹಣ ಮರುಪಾವತಿ ಮಾಡುವ ಪದ್ಧತಿ ಇಲ್ಲ’ ಎಂದರು. ಲಿಖಿತವಾಗಿ ಬರೆಯಬೇಕೆಂದಿದ್ದೇನೆ. ಯಾರಿಗೆ, ಏನೆಂದು ಬರೆಯಲಿ? ಎಸ್ಸೆಮ್ಮೆಸ್ ನೋಡಿಯೂ ಸುಮ್ಮನಿದ್ದದ್ದು ನನ್ನ ತಪ್ಪಾಗುತ್ತದೆಯೇ?

ಉತ್ತರ: ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲರು, ಮೈಸೂರು

ಮೇಡಂ, ಚಾಟ್‌ನಲ್ಲಿ ನಿಮಗೆ ಸಿಕ್ಕಿದ್ದು ಬೇರೆ ಯಾರದೋ ಪ್ರಶ್ನೆಗೆ ಕೊಡಬೇಕಾದ ಉತ್ತರ. ರದ್ದು ಮಾಡಲು ಮರೆತು, ಹಣ ಹೋದ ಮೇಲೆ ‘ನನಗೆ ಬೇಡವಾಗಿತ್ತು, ವಾಪಸ್ ಕೊಡಿ’ ಎನ್ನುವವರಿಗೆ ಮರುಪಾವತಿ ಇಲ್ಲ ಎಂಬ ಪದ್ಧತಿ ಅನ್ವಯವಾಗಬಹುದು. ನಿಮ್ಮ ವಿಷಯದಲ್ಲಿ, ಹಣ ಕಡಿತವಾದ ದಿನ ನಿಮ್ಮಿಬ್ಬರ ನಡುವೆ ಚಂದಾದ ಒಪ್ಪಂದವೇ ಉಳಿದಿರಲಿಲ್ಲ. ಹೀಗಾಗಿ ಪತ್ರದಲ್ಲಿ ‘ದಯವಿಟ್ಟು ಮರುಪಾವತಿ ಮಾಡಿ’ ಎಂದು ಬರೆಯಬೇಡಿ. ‘ತಪ್ಪಾಗಿ ಕಡಿತ ಮಾಡಿದ ಹಣವನ್ನು ಹಿಂದಿರುಗಿಸಿ’ ಎಂದೇ ಬರೆಯಿರಿ. ಮರುಪಾವತಿ ಎಂಬ ಪದ ಒಮ್ಮೆ ಬಿದ್ದರೆ, ಓದುವವರು ನಿಮ್ಮ ದೂರನ್ನು ಮತ್ತೆ ಅದೇ ಸಿದ್ಧ ಉತ್ತರದ ಸಾಲಿಗೆ ಸೇರಿಸುತ್ತಾರೆ.

ಎಸ್ಸೆಮ್ಮೆಸ್ ಬಗ್ಗೆ ನೀವು ಅಳುಕುವುದು ಬೇಡ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಆವರ್ತಕ ಪಾವತಿಯಲ್ಲಿ ಹಣ ತೆಗೆಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು, ಬೇಡವಾದರೆ ತಡೆಯುವ ಅವಕಾಶವೂ ಇರಬೇಕು. ನೀವು ಆಗಲೇ ತಡೆದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎಂಬುದು ನಿಜ, ಆದರೆ ತಡೆಯದಿದ್ದ ಮಾತ್ರಕ್ಕೆ ರದ್ದಾದ ಚಂದಾ ಮತ್ತೆ ಜೀವ ಪಡೆಯುವುದಿಲ್ಲ. ಯುಪಿಐ ಆಟೋಪೇಯಲ್ಲಿ ಈ ಸೂಚನೆ ಹೊರಡುವುದು ಕಂಪನಿಯ ಕಡೆಯಿಂದ ಕೋರಿಕೆ ಬಂದ ಮೇಲೆಯೇ. ಅಂದರೆ 11ರಂದು ನಿಮ್ಮ ರದ್ದತಿಯನ್ನು ಒಪ್ಪಿಕೊಂಡ ಕಂಪನಿಯೇ 13ರಂದು ಹಣ ಕೇಳಿದೆ. ‘ರದ್ದತಿ ಮತ್ತು ನವೀಕರಣ ಒಂದೇ ಹೊತ್ತಿಗೆ ನಡೆದವು’ ಎಂಬ ಸಮಜಾಯಿಷಿಗೆ ಈಗ ಅವಕಾಶವಿಲ್ಲ. ಆ ಎಸ್ಸೆಮ್ಮೆಸನ್ನು ಅಳಿಸಬೇಡಿ.

ಬರೆಯುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ರದ್ದತಿಯ ಇಮೇಲ್ ಯಾವ ಖಾತೆಗೆ ಸಂಬಂಧಿಸಿದೆ, ಹಣ ಕಡಿತವಾದದ್ದು ಯಾವ ಖಾತೆಗೆ ಎಂಬುದು ತಾಳೆಯಾಗಬೇಕು. ಒಂದೇ ಮನೆಯಲ್ಲಿ ಮೊಬೈಲ್ ನಂಬರಿನಿಂದ ಒಂದು, ಇಮೇಲ್‌ನಿಂದ ಇನ್ನೊಂದು ಖಾತೆ ತೆರೆದಿದ್ದು, ಒಂದನ್ನು ರದ್ದು ಮಾಡಿ ಇನ್ನೊಂದರ ಹಣ ಹೋಗಿದ್ದರೆ ನಿಮ್ಮ ಪತ್ರದ ಬುಡವೇ ಕುಸಿಯುತ್ತದೆ. ಇನ್ನೊಂದು, ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಆ ಕಂಪನಿಯ ಮ್ಯಾಂಡೇಟ್ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ಚಂದಾ ರದ್ದು ಮಾಡುವುದು ನಿಮಗೂ ಕಂಪನಿಗೂ ನಡುವಿನ ವ್ಯವಹಾರ, ಮ್ಯಾಂಡೇಟ್ ನೀವು ಬ್ಯಾಂಕಿಗೆ ಕೊಟ್ಟಿರುವ ಒಪ್ಪಿಗೆ. ಮೊದಲನೆಯದು ಹೋದರೆ ಎರಡನೆಯದು ತಾನಾಗಿ ಹೋಗಿರುತ್ತದೆ ಎಂದು ನಂಬುವ ಹಾಗಿಲ್ಲ. ಅದರ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ಮ್ಯಾಂಡೇಟನ್ನೂ ರದ್ದು ಮಾಡಿ.

ಪತ್ರವನ್ನು ಕಂಪನಿಯ ಜಾಲತಾಣದಲ್ಲಿ ಹೆಸರಿಸಿರುವ ಕುಂದುಕೊರತೆ ಅಧಿಕಾರಿಗೆ, ಚಂದಾ ನೋಂದಾಯಿಸಿದ ಇಮೇಲ್‌ನಿಂದಲೇ ಕಳುಹಿಸಿ. ಮಾದರಿ ಹೀಗಿರಲಿ:

> ವಿಷಯ: ಚಂದಾ ರದ್ದಾದ ನಂತರ ತಪ್ಪಾಗಿ ಕಡಿತ ಮಾಡಿದ ರೂ. 1,499ನ್ನು ಹಿಂದಿರುಗಿಸುವ ಬಗ್ಗೆ
>
> ಮಾನ್ಯರೇ,
>
> ಈ ಇಮೇಲ್ ವಿಳಾಸದಲ್ಲಿ ನೋಂದಾಯಿಸಿದ್ದ ನನ್ನ ವಾರ್ಷಿಕ ಚಂದಾವನ್ನು ಜೂನ್ 11ರ ರಾತ್ರಿ 9.40ಕ್ಕೆ ರದ್ದು ಮಾಡಿರುತ್ತೇನೆ. ಚಂದಾ ರದ್ದಾಗಿದೆ ಎಂದು ತಾವೇ ಅಂದು ಕಳುಹಿಸಿದ ಇಮೇಲನ್ನು ಲಗತ್ತಿಸಿದ್ದೇನೆ.
>
> ಹೀಗಿದ್ದೂ ಜೂನ್ 13ರಂದು ನವೀಕರಣದ ಹಣಕ್ಕಾಗಿ ತಮ್ಮ ಕಡೆಯಿಂದ ಕೋರಿಕೆ ಹೋಗಿದ್ದು, ಜೂನ್ 15ರಂದು ನನ್ನ ಬ್ಯಾಂಕ್ ಖಾತೆಯಿಂದ ರೂ. 1,499 ಕಡಿತವಾಗಿದೆ. ಬ್ಯಾಂಕಿನ ಸೂಚನೆ ಮತ್ತು ವಹಿವಾಟಿನ ಸಂಖ್ಯೆ ಕಾಣುವ ಪ್ರತಿಗಳನ್ನು ಲಗತ್ತಿಸಿದ್ದೇನೆ.
>
> ಇದು ಮರುಪಾವತಿಯ ಕೋರಿಕೆಯಲ್ಲ. ಚಂದಾ ರದ್ದಾದ ನಂತರ ಹಣ ಪಡೆಯಲು ತಮಗೆ ನನ್ನ ಒಪ್ಪಿಗೆ ಇರಲಿಲ್ಲವಾದ್ದರಿಂದ, ಪೂರ್ತಿ ಹಣವನ್ನು ಅದೇ ಖಾತೆಗೆ 7 ದಿನಗಳೊಳಗೆ ಹಿಂದಿರುಗಿಸಿ, ನವೀಕರಣವನ್ನು ರದ್ದುಪಡಿಸಿದ್ದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಚಂದಾ ರದ್ದಾಗಿರಲಿಲ್ಲ ಎಂಬುದು ತಮ್ಮ ನಿಲುವಾದರೆ, ಜೂನ್ 11ರ ನಂತರ ಅದು ಯಾವಾಗ, ಯಾವ ಸಾಧನದಿಂದ ಮತ್ತೆ ಆರಂಭವಾಯಿತು ಎಂಬ ದಾಖಲೆಯನ್ನು ಕೊಡಬೇಕು.

ಕೊನೆಯ ವಾಕ್ಯವನ್ನು ಬಿಡಬೇಡಿ. ದಾಖಲೆ ಕೇಳಿದ ಮೇಲೆ ಸಿದ್ಧ ಉತ್ತರ ಕಳುಹಿಸಿದರೆ ಅದು ಕೇಳಿದ್ದಕ್ಕೆ ಉತ್ತರವಾಗದು, ಮುಂದೆ ದೂರು ನೋಡುವವರಿಗೂ ಅದು ಎದ್ದು ಕಾಣುತ್ತದೆ. 7 ದಿನ ಎಂಬುದು ನೀವು ಕೊಡುವ ಗಡುವು ಮಾತ್ರ. ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪ್ರತಿಕ್ರಿಯೆ: ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಕಂಪನಿಗೆ ಪತ್ರ ಬರೆದು ಕಾಯುವ ಅಗತ್ಯವೇ ಇಲ್ಲ. ಒಪ್ಪಿಗೆ ಇಲ್ಲದ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ, 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಹಣ ಜಮಾ ಮಾಡಬೇಕು ಎಂದು 2017ರ ಜುಲೈನಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. ನೇರವಾಗಿ ಶಾಖೆಗೆ ಹೋಗಿ.

ವಕೀಲರು: ಸರ್, ಸುತ್ತೋಲೆಯ ಬಗ್ಗೆ ನೀವು ಹೇಳಿದ್ದು ಸರಿ, ಬ್ಯಾಂಕಿಗೂ ತಕ್ಷಣ ದೂರು ಕೊಡಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಮ್ಯಾಂಡೇಟ್ ಕೊಟ್ಟವರು ಇವರೇ, ಪಿನ್ ಒತ್ತಿದವರು ಇವರೇ, ಮುಂಚಿತ ಸೂಚನೆಯೂ ಹೋಗಿದೆ. ಬ್ಯಾಂಕಿನ ದಾಖಲೆಯಲ್ಲಿ ಎಲ್ಲವೂ ಕ್ರಮಬದ್ಧವಾಗಿ ಕಾಣುವುದರಿಂದ, ಅವರು ಇದನ್ನು ವಂಚನೆಯ ವಹಿವಾಟೆಂದು ಪರಿಗಣಿಸದೆ ‘ವ್ಯಾಪಾರಿಯೊಂದಿಗಿನ ವ್ಯಾಜ್ಯ’ ಎಂದು ಬದಿಗಿಡುವ ಸಂಭವವೇ ಹೆಚ್ಚು. ಕಂಪನಿಯ ರದ್ದತಿ ಇಮೇಲ್ ಬ್ಯಾಂಕಿನ ಬಳಿ ಇರುವುದಿಲ್ಲ. ಅದನ್ನು ಲಗತ್ತಿಸಿಯೇ ದೂರು ಕೊಡಬೇಕು. ಕ್ರೆಡಿಟ್ ಕಾರ್ಡಿನಿಂದ ಹೋಗಿದ್ದರೆ, ರದ್ದಾದ ಆವರ್ತಕ ಪಾವತಿ ಎಂಬ ಕಾರಣಕ್ಕೇ ಕಾರ್ಡ್ ಜಾಲಗಳಲ್ಲಿ, ಬ್ಯಾಂಕಿನ ಮೂಲಕ ವ್ಯಾಪಾರಿಯಿಂದ ಹಣ ವಾಪಸ್ ಪಡೆಯುವ ಚಾರ್ಜ್‌ಬ್ಯಾಕ್‌ನ ಪ್ರತ್ಯೇಕ ವರ್ಗವಿದೆ, ಆಗ ಬ್ಯಾಂಕಿನ ದಾರಿ ಹೆಚ್ಚು ಗಟ್ಟಿಯಾಗಿರುತ್ತಿತ್ತು.

ನಿವೃತ್ತ ಬ್ಯಾಂಕ್ ಉದ್ಯೋಗಿ: ಆವರ್ತಕ ಪಾವತಿಯ ನಿಯಮದಲ್ಲೂ ಗ್ರಾಹಕರ ಹೊಣೆಯ ಸುತ್ತೋಲೆ ಅನ್ವಯಿಸುತ್ತದೆ ಎಂದೇ ಇದೆ. ಬ್ಯಾಂಕ್ ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳಬಾರದು ಎಂಬುದು ನನ್ನ ನಿಲುವು.

ವಕೀಲರು: ಕೈತೊಳೆದುಕೊಳ್ಳಬಾರದು, ನಿಜ. ಗ್ರಾಹಕ ತಾನೇ ಕೊಟ್ಟು, ಹಿಂತೆಗೆದುಕೊಳ್ಳದೆ ಉಳಿದ ಮ್ಯಾಂಡೇಟಿನ ಕಡಿತ ‘ಅನಧಿಕೃತ’ ಎನಿಸುತ್ತದೆಯೇ ಎಂಬಲ್ಲಿ ನಮ್ಮಿಬ್ಬರ ಓದು ಬೇರೆ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು, ಅಲ್ಲಿ ನಿಮ್ಮ ವಾದವನ್ನು ಮುಂದಿಡುವುದರಲ್ಲಿ ನಷ್ಟವಿಲ್ಲ.

ಪ್ರತಿಕ್ರಿಯೆ: ಬೆಂಗಳೂರಿನ ಯುವಕ

ನನಗೂ ಹೀಗೆಯೇ ಆಗಿತ್ತು. ಫೋನಿನಿಂದ ಆ್ಯಪ್ ತೆಗೆದುಹಾಕಿ ಎರಡು ತಿಂಗಳಾದರೂ ಹಣ ಹೋಗುತ್ತಲೇ ಇತ್ತು. ಕಂಪನಿಗೆ ನಾಲ್ಕು ಇಮೇಲ್ ಬರೆದೆ, ‘ನಮ್ಮಲ್ಲಿ ನಿಮ್ಮ ಪಾವತಿಯ ದಾಖಲೆಯೇ ಇಲ್ಲ’ ಎಂದರು. ಅಕ್ಕ ಬರೆಯುವ ಪತ್ರವನ್ನೇ ನಾನೂ ಕಳುಹಿಸಬಹುದೇ?

ವಕೀಲರು: ಬೇಡ, ನಿಮ್ಮದು ಬೇರೆ ಪ್ರಕರಣ. ಆ್ಯಪ್ ತೆಗೆದುಹಾಕಿದರೆ ಚಂದಾ ರದ್ದಾಗುವುದಿಲ್ಲ, ಆದ್ದರಿಂದ ರದ್ದು ಮಾಡಿದ್ದೆ ಎಂದು ನೀವು ಬರೆಯುವಂತಿಲ್ಲ. ಕಂಪನಿಯಲ್ಲಿ ದಾಖಲೆ ಇಲ್ಲವೆಂದರೆ ನೀವು ಬಹುಶಃ ಫೋನಿನ ಆ್ಯಪ್ ಅಂಗಡಿಯ ಮೂಲಕ ಚಂದಾ ಕಟ್ಟಿದ್ದೀರಿ. ಬ್ಯಾಂಕ್ ವಿವರಪಟ್ಟಿಯಲ್ಲಿ ಹಣ ಪಡೆದವರ ಹೆಸರು ಗೂಗಲ್ ಅಥವಾ ಆಪಲ್ ಎಂದಿದ್ದರೆ, ರದ್ದತಿಯನ್ನೂ ಹಣದ ಕೋರಿಕೆಯನ್ನೂ ಅಲ್ಲಿಯೇ ಸಲ್ಲಿಸಬೇಕು.

ಪ್ರತಿಕ್ರಿಯೆ: ಪತ್ರಿಕೋದ್ಯಮದ ವಿದ್ಯಾರ್ಥಿನಿ, ಧಾರವಾಡ

2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ಇಂಥ ಕಂಪನಿಗಳ ಕುಂದುಕೊರತೆ ಅಧಿಕಾರಿ 15 ದಿನಗಳೊಳಗೆ ತೀರ್ಮಾನಿಸಬೇಕು ಎಂದಿದೆಯಲ್ಲವೇ? ಒಂದು ತಿಂಗಳು ಏಕೆ ಕಾಯಬೇಕು?

ವಕೀಲರು: ಆ 15 ದಿನಗಳ ಮಿತಿ ಇರುವುದು ಅವರು ತೋರಿಸುವ ಕಾರ್ಯಕ್ರಮಗಳ ಬಗೆಗಿನ ದೂರಿಗೆ. ಹಣದ ದೂರಿನಲ್ಲಿ ಅದನ್ನು ಉಲ್ಲೇಖಿಸಿದರೆ, ಅದೊಂದನ್ನೇ ಹಿಡಿದು ಪತ್ರವನ್ನು ತಿರಸ್ಕರಿಸಲು ಅವರಿಗೆ ದಾರಿಯಾಗುತ್ತದೆ.

ಪ್ರಶ್ನೆ ಕೇಳಿದವರು: ಸರ್, ಒಂದು ವಿಷಯ ಹೇಳಿರಲಿಲ್ಲ. 16ರ ಸಂಜೆ ನನ್ನ ಮಗ ಟಿವಿಯಲ್ಲಿ ಅದೇ ಆ್ಯಪ್‌ನಲ್ಲಿ ಎರಡು ಕಾರ್ಟೂನ್ ಕಂತು ನೋಡಿದ್ದಾನೆ. ಇನ್ನು ಕೇಳುವ ಹಕ್ಕು ಇಲ್ಲವೇ?

ವಕೀಲರು: ಹಕ್ಕು ಇದೆ, ಆದರೆ ಇದು ನಿಮ್ಮ ಪತ್ರದ ದುರ್ಬಲ ಜಾಗ. ಯಾವ ದಿನ ಏನು ನೋಡಲಾಯಿತು ಎಂಬ ದಾಖಲೆ ಅವರ ಬಳಿ ಇರುವುದರಿಂದ ಮುಚ್ಚಿಡುವುದು ಸಲ್ಲದು. ‘ಹಣ ಕಡಿತವಾದದ್ದು ಗಮನಕ್ಕೆ ಬರುವ ಮೊದಲು, ಲಾಗಿನ್ ಆಗಿದ್ದ ಟಿವಿಯಲ್ಲಿ ಮಗು ಎರಡು ಕಂತು ನೋಡಿದೆ, ಆನಂತರ ಸೇವೆಯನ್ನು ಬಳಸಿಲ್ಲ’ ಎಂದು, ಅದು ನಿಜವಾಗಿದ್ದರೆ ಮಾತ್ರ, ಒಂದು ಸಾಲು ಸೇರಿಸಿ. ಇಂದೇ ಎಲ್ಲ ಸಾಧನಗಳಿಂದ ಲಾಗ್‌ಔಟ್ ಆಗಿ. ಅವರು ಒಂದಿಷ್ಟು ಹಣ ಮುರಿದುಕೊಂಡು ಉಳಿದದ್ದನ್ನು ಕೊಡುತ್ತೇವೆ ಎನ್ನಬಹುದು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ದೂರು ಗ್ರಾಹಕ ಆಯೋಗಕ್ಕೆ ಹೋದರೆ ಅದು ಇದನ್ನು ಹೇಗೆ ನೋಡುತ್ತದೆ ಎಂದು ನಾನು ಖಚಿತವಾಗಿ ಹೇಳಲಾರೆ. ಕಂಪನಿ ಒಪ್ಪದಿದ್ದರೆ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅಲ್ಲಿಯೂ ಆಗದಿದ್ದರೆ ಕಂಪನಿಯ ಕಚೇರಿ ಎಲ್ಲಿಯೇ ಇದ್ದರೂ, ನೀವು ವಾಸಿಸುವ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ಈ ಮೊತ್ತಕ್ಕೆ ಶುಲ್ಕವಿಲ್ಲ, 2 ವರ್ಷಗಳ ಕಾಲಾವಕಾಶವಿದೆ.

ಪ್ರಶ್ನೆ ಕೇಳಿದವರು (ಎರಡು ದಿನಗಳ ನಂತರ): ಪತ್ರ ಕಳುಹಿಸಿದೆ, ಬ್ಯಾಂಕಿಗೂ ದೂರು ಕೊಟ್ಟೆ. ಕಂಪನಿಯಿಂದ ದೂರಿನ ಸಂಖ್ಯೆ ಬಂದಿದೆ, ಆದರೆ ವಿಷಯದ ಜಾಗದಲ್ಲಿ ‘ಮರುಪಾವತಿ ಕೋರಿಕೆ’ ಎಂದು ನಮೂದಿಸಿದ್ದಾರೆ.

ವಕೀಲರು: ಅದೇ ಇಮೇಲ್‌ಗೆ ಈಗಲೇ ಉತ್ತರ ಬರೆಯಿರಿ: ‘ನನ್ನ ದೂರು ಮರುಪಾವತಿಯ ಕೋರಿಕೆಯಲ್ಲ, ರದ್ದಾದ ಚಂದಾದ ಮೇಲಿನ ತಪ್ಪು ಕಡಿತ, ದಾಖಲೆಯನ್ನು ಸರಿಪಡಿಸಿ.’ ಹಳೆಯ ಸಂದೇಶದ ಕೆಳಗೇ ಬರೆಯಿರಿ, ಹೊಸ ಇಮೇಲ್ ಆರಂಭಿಸಬೇಡಿ.