ಷೇರು ಏರಿದರೂ ಕಾಲ್ ಇಳಿದದ್ದೇಕೆ? ರಿಸಲ್ಟ್ ಮರುದಿನದ ವೇಗಾ ಲೆಕ್ಕ

ಪ್ರಶ್ನೆ: ರಿಸಲ್ಟ್‌ಗೆ ಮುಂಚಿನ ದಿನ ಷೇರು 1500 ಇದ್ದಾಗ 1500ರ ಕಾಲ್ ಅನ್ನು 47.50ಕ್ಕೆ ತಗೊಂಡೆ. ಎಕ್ಸ್‌ಪೈರಿಗೆ 10 ದಿನ ಇತ್ತು, ಐವಿ, ಅಂದರೆ ಪ್ರೀಮಿಯಂ ಸೂಚಿಸುವ ಏರಿಳಿತದ ಅಂದಾಜು, 48. ರಿಸಲ್ಟ್ ಚೆನ್ನಾಗಿ ಬಂತು, ಷೇರು 1520 ಆಯ್ತು. ಆದರೆ ಕಾಲ್ 36ಕ್ಕೆ ಇಳಿದಿದೆ, ಐವಿ 26 ತೋರಿಸ್ತಿದೆ. ಯಾಕೆ ಸರ್?

ಒಬ್ಬ ಸದಸ್ಯರು: ಥೀಟಾ ಸರ್. ರಾತ್ರಿ ಕಳೆದರೆ ಪ್ರೀಮಿಯಂ ಕರಗುತ್ತೆ.

ಆಪ್ಷನ್ಸ್ ಡೀಲರ್: ಥೀಟಾ ಇದೆ, ಆದರೆ ಇಲ್ಲಿ ಒಂದು ದಿನಕ್ಕೆ ಅದು ತಿಂದದ್ದು ಎರಡೂವರೆ ರೂಪಾಯಿ ಅಷ್ಟೆ. ಷೇರು 20 ರೂಪಾಯಿ ಏರಿದ್ದಕ್ಕೆ ನಿಮಗೆ ಸುಮಾರು 11 ರೂಪಾಯಿ ಸಿಕ್ಕಿದೆ. ಉಳಿದದ್ದು ವೇಗಾ. ಈ ಕಾಲ್‌ಗೆ ವೇಗಾ ಹತ್ತಿರಹತ್ತಿರ 1, ಅಂದರೆ ಐವಿ ಒಂದು ಪಾಯಿಂಟ್ ಇಳಿದರೆ ಪ್ರೀಮಿಯಂ ಸುಮಾರು ಒಂದು ರೂಪಾಯಿ ಇಳಿಯುತ್ತದೆ. ಐವಿ 22 ಪಾಯಿಂಟ್ ಕುಸಿದಿದೆ. ಷೇರು ಸ್ಟ್ರೈಕ್‌ನಿಂದ ದೂರ ಹೋದಂತೆ, ದಿನ ಕಳೆದಂತೆ ವೇಗಾ ಸ್ವಲ್ಪ ಕುಗ್ಗುವುದರಿಂದ ಹೋದದ್ದು 22 ಅಲ್ಲ, ಸುಮಾರು 20. ಐವಿ 48ರಲ್ಲೇ ನಿಂತಿದ್ದರೆ ಇವತ್ತು ಇದೇ ಕಾಲ್ 56 ಇರುತ್ತಿತ್ತು.

ನೀವು ಕೊಟ್ಟ ಪ್ರೀಮಿಯಂನಲ್ಲಿ ರಿಸಲ್ಟ್ ದಿನದ 6–7% ಏರಿಳಿತದ ಬೆಲೆ ಸೇರಿತ್ತು. ಷೇರು ಚಲಿಸಿದ್ದು 1.3%. ಅಸಲು ಉಳಿಯಬೇಕಿದ್ದರೂ ಅದು 1537ರ ಆಸುಪಾಸಿಗೆ ಹೋಗಬೇಕಿತ್ತು.

ಇನ್ನೊಬ್ಬರು: ನನ್ನದು ಪುಟ್. ಷೇರು ಬಿದ್ದರೆ ಐವಿ ಏರಬೇಕಲ್ವಾ? ರಿಸಲ್ಟ್ ಆದ್ಮೇಲೆ ಷೇರು ಬಿತ್ತು, ಪುಟ್ಟೂ ಬಿತ್ತು.

ಆಪ್ಷನ್ಸ್ ಡೀಲರ್: ನಿಫ್ಟಿ ಬಿದ್ದಾಗ ಸಾಮಾನ್ಯವಾಗಿ ಐವಿ ಏರುತ್ತದೆ, ಅದು ಸರಿ. ಆದರೆ ರಿಸಲ್ಟ್‌ನಲ್ಲಿ ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕಾಯುತ್ತಿದ್ದ ವಿಷಯ ಗೊತ್ತಾಗಿಬಿಡುತ್ತದೆ. ಹಾಗಾಗಿ ಕಾಲ್, ಪುಟ್ ಎರಡರ ಐವಿಯೂ ಒಟ್ಟಿಗೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಮೊದಲೇ ಗೊತ್ತಾಗೋದು ಹೇಗೆ?

ಆಪ್ಷನ್ಸ್ ಡೀಲರ್: ಆಪ್ಷನ್ ಚೈನ್‌ನಲ್ಲಿ ಈ ತಿಂಗಳ ಮತ್ತು ಮುಂದಿನ ತಿಂಗಳ ಐವಿ ಪಕ್ಕಪಕ್ಕ ನೋಡಿ. ಈ ತಿಂಗಳದ್ದು 48, ಮುಂದಿನದು 33 ಇದ್ದರೆ ಆ ಅಂತರ ರಿಸಲ್ಟ್‌ನದ್ದು. ಅದು ಉಳಿಯುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಏರುತ್ತದೆ ಅನ್ನುವ ನಂಬಿಕೆ ಇದ್ದರೆ ಒಂಟಿ ಕಾಲ್ ಬದಲು 1500 ಕೊಂಡು 1540 ಮಾರಿ. ಅದೇ ಐವಿಯಲ್ಲಿ 1540ರ ಕಾಲ್ ಸುಮಾರು 31ಕ್ಕೆ ಹೋಗುತ್ತಿತ್ತು, ನಿಮ್ಮ ಖರ್ಚು 17ರೊಳಗೆ. ಮರುದಿನ 1540ರದ್ದು 16ಕ್ಕೆ ಇಳಿದು ಜೋಡಿಗೆ ಸುಮಾರು 20 ಬರುತ್ತಿತ್ತು. ಮಾರಿದ ಕಾಲ್‌ನ ವೇಗಾ ಕೊಂಡದ್ದರ ವೇಗಾವನ್ನು ಬಹುಪಾಲು ಸರಿದೂಗಿಸುತ್ತದೆ. ಷೇರು 8% ಹಾರಿದರೂ ಜೋಡಿಯ ಬೆಲೆ 40 ದಾಟುವುದಿಲ್ಲ ಅನ್ನುವುದು ಇದಕ್ಕೆ ಕೊಡುವ ಬೆಲೆ.

ಮೊದಲ ಸದಸ್ಯರು: ಮೂರು ರೂಪಾಯಿ ಲಾಭ ಬಿಡ್-ಆಸ್ಕ್‌ನಲ್ಲೇ ಹೋಗಲ್ವಾ? ಎರಡು ಕಾಲ್, ನಾಲ್ಕು ಆರ್ಡರ್.

ಆಪ್ಷನ್ಸ್ ಡೀಲರ್: ವಹಿವಾಟು ಕಡಿಮೆ ಇರುವ ಷೇರುಗಳಲ್ಲಿ ಖಂಡಿತ ಹೋಗುತ್ತದೆ. ಅಂಥ ಕಡೆ ನಾನು ರಿಸಲ್ಟ್ ಮುಗಿದು ಐವಿ ಇಳಿದ ಮೇಲೆಯೇ ಕೊಳ್ಳಿ ಅನ್ನುತ್ತೇನೆ. ಮೊದಲ ಜಿಗಿತ ತಪ್ಪುತ್ತದೆ ಎಂದು ಇದನ್ನು ಒಪ್ಪದ ಡೀಲರ್‌ಗಳೂ ಇದ್ದಾರೆ.