ಡಾಲರ್ ಹೊರಟಾಗ ರಿಸರ್ವ್ ಬ್ಯಾಂಕ್ ಏನು ಮಾಡಬಹುದು?

ಪ್ರಶ್ನೆ (ಗೇರುಬೀಜ ಕಾರ್ಖಾನೆಯ ಲೆಕ್ಕಿಗ, ಮಂಗಳೂರು): ನಾವು ಆಫ್ರಿಕಾದಿಂದ ಕಚ್ಚಾ ಬೀಜ ತರಿಸುವುದು ಡಾಲರಿನಲ್ಲಿ. 2022ರಲ್ಲಿ ಅಮೆರಿಕ ಬಡ್ಡಿ ಏರಿಸುತ್ತಾ ಹೋದ ಹಾಗೆ ಡಾಲರ್ 83 ರೂಪಾಯಿ ಮುಟ್ಟಿತು. ರಿಸರ್ವ್ ಬ್ಯಾಂಕಿನ ಹತ್ತಿರ ರಾಶಿ ಡಾಲರ್ ಇತ್ತಲ್ಲ, ಮಾರಿ ತಡೆಯಬಹುದಿತ್ತಲ್ವಾ?

ಕಾಮರ್ಸ್ ಉಪನ್ಯಾಸಕ: ಮಾರುವುದು ಯಾಕೆ? ಅವರು ಏರಿಸಿದಷ್ಟು ನಾವೂ ಬಡ್ಡಿ ಏರಿಸಿದರೆ ಹಣ ಹೊರಗೆ ಹೋಗುವುದೇ ಇಲ್ಲ.

ನಿವೃತ್ತ ಬ್ಯಾಂಕ್ ಟ್ರೆಶರಿ ಅಧಿಕಾರಿ, ಉಡುಪಿ: ಮಾರಿದ್ದಾರೆ ಸರ್, ಜೋರಾಗಿಯೇ ಮಾರಿದ್ದಾರೆ. ಆದರೆ ಡಾಲರ್ ಮಾರಿದಾಗ ಅದಕ್ಕೆ ಬರುವ ರೂಪಾಯಿ ಬ್ಯಾಂಕುಗಳ ಕೈಯಿಂದ ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ. ಊರಿನಲ್ಲಿ ಹಣ ಬಿಗಿಯಾಗುತ್ತದೆ. ನಿಮ್ಮ ಕಾರ್ಖಾನೆಯ ಓವರ್‌ಡ್ರಾಫ್ಟ್ ಸಾಲದ ಬಡ್ಡಿಗೂ ಅದು ತಾಗುತ್ತದೆ.

ಇನ್ನು ಉಪನ್ಯಾಸಕರ ಮಾತು ಅರ್ಧ ಸರಿ. 2013ರಲ್ಲಿ ಅಮೆರಿಕ ಬಡ್ಡಿ ಏರಿಸಿರಲೂ ಇಲ್ಲ, ಬಾಂಡ್ ಖರೀದಿ ಕಡಿಮೆ ಮಾಡಬಹುದು ಎಂದಿತು, ಅಷ್ಟೆ. ಅಷ್ಟಕ್ಕೇ ಹಣ ಹೊರಟಿತು. ಜುಲೈಯಲ್ಲಿ ಇಲ್ಲಿ ಬ್ಯಾಂಕುಗಳ ತುರ್ತು ಸಾಲದ ದರವನ್ನು 8.25ರಿಂದ 10.25ಕ್ಕೆ ಏರಿಸಿದರು. ಆದರೂ ಆಗಸ್ಟ್ ಕೊನೆಗೆ ಡಾಲರ್ 68 ದಾಟಿತು. ಹೆದರಿದವನಿಗೆ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಸಾಲದು. ಒಂದೇ ವಾರದಲ್ಲಿ ರೂಪಾಯಿ ಅದಕ್ಕಿಂತ ಜಾಸ್ತಿ ಬೀಳಬಹುದಲ್ಲ.

ಸೆಪ್ಟೆಂಬರಿನಲ್ಲಿ ರಘುರಾಮ್ ರಾಜನ್ ಬಂದ ಕೂಡಲೇ ಬೇರೆ ದಾರಿ ತೆರೆದರು. ಎನ್‌ಆರ್‌ಐಗಳು ಕನಿಷ್ಠ ಮೂರು ವರ್ಷಕ್ಕೆ ಎಫ್‌ಸಿಎನ್‌ಆರ್, ಅಂದರೆ ವಿದೇಶಿ ಹಣದಲ್ಲೇ ಇರುವ ಠೇವಣಿ ಇಡಬೇಕು. ಒಂದು ಲಕ್ಷ ಡಾಲರ್ ಬಂತು, ದರ 63 ಎಂದಿಟ್ಟುಕೊಳ್ಳಿ. ಬ್ಯಾಂಕ್ ಅದನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು 63 ಲಕ್ಷ ರೂಪಾಯಿ ಪಡೆಯಿತು. ಮೂರು ವರ್ಷ ಬಿಟ್ಟು ಅದೇ ಡಾಲರನ್ನು ವಾಪಸ್ ಪಡೆಯಲು ವರ್ಷಕ್ಕೆ 3.5 ಪರ್ಸೆಂಟ್ ಸೇರಿಸಿ, ಸುಮಾರು 70ರ ಲೆಕ್ಕದಲ್ಲಿ ಕೊಟ್ಟರಾಯಿತು. ಇದಕ್ಕೆ ಸ್ವಾಪ್ ಎನ್ನುತ್ತಾರೆ. ರೂಪಾಯಿ ಎಷ್ಟು ಬಿದ್ದರೂ ನಷ್ಟವಾಗದ ಈ ರಕ್ಷಣೆಯ ಖರ್ಚು ಆಗ ಮಾರುಕಟ್ಟೆಯಲ್ಲಿ ಇದಕ್ಕಿಂತ ತುಂಬಾ ಜಾಸ್ತಿ. ಆ ವ್ಯತ್ಯಾಸವನ್ನು ರಿಸರ್ವ್ ಬ್ಯಾಂಕ್ ಹೊತ್ತಿತು. ನವೆಂಬರ್ ಮುಗಿಯುವಷ್ಟರಲ್ಲಿ ಈ ದಾರಿಯಿಂದಲೇ ಸುಮಾರು 2,600 ಕೋಟಿ ಡಾಲರ್ ಬಂತು.

ಕಾಪುವಿನ ಗೃಹಿಣಿ: ಸರ್, ಮಗ ದುಬೈಯಲ್ಲಿದ್ದಾನೆ. ಈಗ ಹಣ ಕಳಿಸಲು ಹೇಳಲಾ, ರೂಪಾಯಿ ಇನ್ನೂ ಬೀಳಲಿ ಎಂದು ಕಾಯಲಾ?

ನಿವೃತ್ತ ಅಧಿಕಾರಿ: ಅದು ಬೇರೆ ವಿಷಯ ಅಮ್ಮ. ಮನೆ ಖರ್ಚಿನದ್ದಾದರೆ ಕಾಯಬೇಡಿ. ಉಳಿತಾಯವಾದರೆ ಎಫ್‌ಸಿಎನ್‌ಆರ್ ಕೇಳಿ ನೋಡಿ, ಹಣ ಡಾಲರಿನಲ್ಲೇ ಇರುತ್ತದೆ. ಬಡ್ಡಿಯನ್ನು ಮಾತ್ರ ಎರಡು ಮೂರು ಬ್ಯಾಂಕಿನಲ್ಲಿ ವಿಚಾರಿಸಿ.

ಉಪನ್ಯಾಸಕ: ಹಾಗಾದರೆ 2022ರಲ್ಲೂ ಅದನ್ನೇ ಮಾಡಬಹುದಿತ್ತಲ್ಲ?

ನಿವೃತ್ತ ಅಧಿಕಾರಿ: ಜುಲೈಯಲ್ಲಿ ಈ ಠೇವಣಿಗಳ ಬಡ್ಡಿ ಮಿತಿಯನ್ನು ಕೆಲವು ತಿಂಗಳಿಗೆ ತೆಗೆದರು. ಆದರೆ ಅಗ್ಗದ ಸ್ವಾಪ್ ಕೊಡಲಿಲ್ಲ. ನನಗೆ ಅದೇ ಸರಿ ಅನಿಸುತ್ತದೆ. ಕೈಯಲ್ಲಿ 2013ಕ್ಕಿಂತ ಸುಮಾರು ದುಪ್ಪಟ್ಟು ಡಾಲರ್ ಇತ್ತು. ಅದೂ ಅಲ್ಲದೆ 2013ರಲ್ಲಿ ಹಾಗೆ ಬಂದದ್ದು ಸಾಲದ ಡಾಲರ್, 2016ರಲ್ಲಿ ಅವಧಿ ಮುಗಿದಾಗ ವಾಪಸ್ ಕೊಡಬೇಕಾಯಿತು.

ಲೆಕ್ಕಿಗ: ನಮ್ಮಂಥ ಆಮದುದಾರರಿಗೆ ಮಾತ್ರ ಆ ಸ್ವಾಪ್ ಇದ್ದಿದ್ದರೆ ಒಳ್ಳೆಯದಿತ್ತು ಸರ್. 75ರ ಲೆಕ್ಕದಲ್ಲಿ ಬೆಲೆ ಹೇಳಿ 79ರಲ್ಲಿ ಬಿಲ್ ಕಟ್ಟಿದ್ದೇವೆ.

ನಿವೃತ್ತ ಅಧಿಕಾರಿ: ಡಾಲರಿನ ದರ ಮೊದಲೇ ನಿಗದಿ ಮಾಡಿಕೊಂಡು ಫಾರ್ವರ್ಡ್ ಬುಕ್ ಮಾಡಿರಲಿಲ್ವಾ?

ಲೆಕ್ಕಿಗ: ಅರ್ಧಕ್ಕೆ ಮಾತ್ರ ಮಾಡಿದ್ದೆವು.