ಕ್ರಾನ್ ಸಾಲನ್ನು ಮುಚ್ಚಿದರೂ ಸಿಂಕ್ ನಿಲ್ಲಲಿಲ್ಲ: ಓಡುತ್ತಿರುವ ಜಾಬ್ ತಡೆಯುವ ಫ್ಲ್ಯಾಗ್ ಎಲ್ಲಿರಬೇಕು?

ಮಲ್ಲಂದೂರು_ರಸ್ತೆ

ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಸಂಸ್ಥೆಯ ಕಚೇರಿಯಲ್ಲಿ ನಾನು ಸರ್ವರ್ ಮತ್ತು ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಕೊಪ್ಪ ಮುಂತಾದ ಕಡೆಗಳ ಖರೀದಿ ಕೇಂದ್ರಗಳಲ್ಲಿ ತೂಕ, ಔಟ್‌ಟರ್ನ್ ಮತ್ತು ದರಗಳನ್ನು ಅಲ್ಲಿಯ ಗಣಕದಲ್ಲೇ ದಾಖಲಿಸುತ್ತಾರೆ. ಪ್ರತಿ 15 ನಿಮಿಷಕ್ಕೊಮ್ಮೆ ಕ್ರಾನ್ ಮೂಲಕ ಓಡುವ ಒಂದು ಪೈಥಾನ್ ಸ್ಕ್ರಿಪ್ಟ್ ಕೇಂದ್ರಗಳನ್ನು ಒಂದೊಂದಾಗಿ ಸಂಪರ್ಕಿಸಿ, ಹೊಸ ದಾಖಲೆಗಳನ್ನು 500ರ ಬ್ಯಾಚ್‌ಗಳಲ್ಲಿ ತಂದು ಇಲ್ಲಿಯ ಪೋಸ್ಟ್‌ಗ್ರೆಸ್‌ನಲ್ಲಿ ಸೇರಿಸುತ್ತದೆ. ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತನ್ನು `updated_at` ಆಧಾರದಲ್ಲಿ ಕೇಂದ್ರವಾರು ಇಟ್ಟುಕೊಂಡಿದ್ದೇವೆ.

ಕಳೆದ ವಾರ ಆಲ್ದೂರು ಕೇಂದ್ರದಲ್ಲಿ ರೋಬಸ್ಟಾ ಚೆರಿಯ ದರವನ್ನು 50 ಕಿಲೋ ಮೂಟೆಗೆ ಹಾಕುವ ಬದಲು ಕಿಲೋ ಲೆಕ್ಕದಲ್ಲಿ ಹಾಕಿದ್ದರಿಂದ ಬೆಳೆಗಾರರ ಬಿಲ್ಲುಗಳೆಲ್ಲ ಐವತ್ತನೇ ಒಂದು ಭಾಗಕ್ಕೆ ಇಳಿದವು. 10:40ಕ್ಕೆ ದೂರವಾಣಿ ಕರೆ ಬಂದ ಕೂಡಲೇ ಕ್ರಾನ್ ಸಾಲನ್ನು ಕಾಮೆಂಟ್ ಮಾಡಲಾಯಿತು. ಆದರೆ 10:30ಕ್ಕೆ ಹೊರಟಿದ್ದ ಓಟ ಮುಂದುವರಿದು 10:55ರವರೆಗೂ ದಾಖಲೆಗಳನ್ನು ಸೇರಿಸುತ್ತಲೇ ಇತ್ತು; 11 ಗಂಟೆಗೆ ಬೆಳೆಗಾರರಿಗೆ ಎಸ್ಸೆಮ್ಮೆಸ್ ಕಳುಹಿಸುವ ಬೇರೊಂದು ಜಾಬ್ ಅದೇ ಮೊತ್ತಗಳನ್ನು ರವಾನಿಸಿತು. ನಿರ್ವಹಣೆಯ ಸಮಯಕ್ಕೂ ಇಂಥ ಸಂದರ್ಭಕ್ಕೂ ಒದಗುವಂತೆ ಒಂದು ವಿರಾಮದ ಫ್ಲ್ಯಾಗ್ ಸೇರಿಸಬೇಕೆಂದಿದ್ದೇನೆ. ಅದನ್ನು ಎಲ್ಲಿ ಇಡಬೇಕು, ಸ್ಕ್ರಿಪ್ಟ್ ಅದನ್ನು ಯಾವ ಯಾವ ಹಂತದಲ್ಲಿ ನೋಡಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಸಕಲೇಶಪುರ_ಮಳೆಮಾಪಕ

ನನ್ನ ತೋಟದಲ್ಲಿಯೂ ಇದೇ ತೊಂದರೆ ಇತ್ತು. ಮಳೆಮಾಪಕದಿಂದ ಅಂಕಿಗಳನ್ನು ಕಳುಹಿಸುವ ಪುಟ್ಟ ಗಣಕವೊಂದಿದೆ. ಜೂನ್ ಬಂತೆಂದರೆ ವಿದ್ಯುತ್ ಹೋಗಿ ಬಂದು ಆಗುವಾಗ ಕ್ರಾನ್ ಜಾಬ್ ನಡುವೆಯೇ ನಿಂತುಬಿಡುತ್ತಿತ್ತು. ಬ್ಯಾಟರಿ ಬದಲಾಯಿಸಿದ ಮೇಲೆ ಸರಿಹೋಯಿತು. ನಿಮ್ಮ ಕೇಂದ್ರಗಳ ಯುಪಿಎಸ್‌ಗಳನ್ನು ಒಮ್ಮೆ ಪರೀಕ್ಷಿಸಿ ನೋಡಿ.

ಮಲ್ಲಂದೂರು_ರಸ್ತೆ

ನಿಮ್ಮ ಸಲಹೆಗೆ ವಂದನೆಗಳು, ಸರ್. ನಮ್ಮಲ್ಲಿ ಜಾಬ್ ತಾನಾಗಿ ನಿಲ್ಲುವುದು ಸಮಸ್ಯೆಯಲ್ಲ, ನಾವು ನಿಲ್ಲಿಸಬೇಕೆಂದಾಗ ಅದು ನಿಲ್ಲದಿರುವುದು ಸಮಸ್ಯೆ.

ಕಡೂರು_ಲಿನಕ್ಸ್

ಇದಕ್ಕೆ ಸ್ಕ್ರಿಪ್ಟ್ ಬದಲಾಯಿಸುವ ಅಗತ್ಯವೇ ಇಲ್ಲ. ಕ್ರಾನ್ ಬಿಟ್ಟು ಸಿಸ್ಟಮ್‌ಡಿ ಟೈಮರ್‌ಗೆ ಬನ್ನಿ; ಸರ್ವಿಸ್ ಫೈಲಿನಲ್ಲಿ ಈ ಒಂದು ಸಾಲು ಸೇರಿಸಿದರೆ, ಆ ಹೆಸರಿನ ಫೈಲ್ ಇರುವವರೆಗೆ ಜಾಬ್ ಆರಂಭವಾಗುವುದಿಲ್ಲ ಮತ್ತು ಅದು ವಿಫಲವಾಯಿತೆಂದು ದಾಖಲಾಗುವುದೂ ಇಲ್ಲ.

```
[Unit]
ConditionPathExists=!/run/kharidi-sync.pause
```

ನಿಲ್ಲಿಸಲು `touch`, ಮತ್ತೆ ಹೊರಡಿಸಲು `rm` ಸಾಕು. ಟೈಮರ್ ಅನ್ನೇ `systemctl stop` ಮಾಡಿದರೂ ನಡೆಯುತ್ತದೆ.

ಹಾಸನದ_ದಾಖಲೆಗಾರ

ಕಡೂರಿನ ಮಿತ್ರರು ಹೇಳಿದ ಸಾಲು ಒಳ್ಳೆಯದೇ, ಆದರೆ ಅದು ಅರ್ಧ ಕೆಲಸವನ್ನು ಮಾತ್ರ ಮಾಡುತ್ತದೆ. ಆ ಷರತ್ತನ್ನು ಸಿಸ್ಟಮ್‌ಡಿ ನೋಡುವುದು ಸರ್ವಿಸ್ ಆರಂಭವಾಗುವ ಗಳಿಗೆಯಲ್ಲಿ ಒಂದೇ ಬಾರಿ. ಟೈಮರ್ ನಿಲ್ಲಿಸಿದರೂ ಅದು ಆಗಲೇ ಹೊರಡಿಸಿದ ಸರ್ವಿಸ್ ಓಡುತ್ತಲೇ ಇರುತ್ತದೆ. ಅಂದರೆ ಆ ದಿನ 10:30ರ ಓಟವನ್ನು ಇವೆರಡೂ ತಡೆಯುತ್ತಿರಲಿಲ್ಲ. ಇನ್ನು `/run` ಇರುವುದು ಮೆಮೊರಿಯಲ್ಲಿ. ನಿರ್ವಹಣೆಯೆಂದರೆ ಬಹುಪಾಲು ಸರ್ವರ್ ಮರುಚಾಲನೆ ಇದ್ದೇ ಇರುತ್ತದೆ, ಮರುಚಾಲನೆಯಾದೊಡನೆ ಆ ಫೈಲ್ ಮಾಯವಾಗುತ್ತದೆ, `enable` ಆಗಿರುವ ಟೈಮರ್ ಕೂಡ ತಾನಾಗಿ ಎದ್ದು ಕೂರುತ್ತದೆ. ಫೈಲ್ ಇಡುವುದಾದರೆ `/var/lib` ಅಡಿಯಲ್ಲಿ ಇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಪ್ಪು ದತ್ತಾಂಶ ಕಂಡಾಗ ನಿಮಗೆ ಬೇಕಾದದ್ದು ‘ಇನ್ನು ಮುಂದೆ ಆಲ್ದೂರಿನ ಒಂದು ದಾಖಲೆಯೂ ಒಳಗೆ ಬರುವುದಿಲ್ಲ’ ಎಂಬ ಖಾತರಿ. ಫ್ಲ್ಯಾಗ್ ಅನ್ನು ಪ್ರತಿ ಬ್ಯಾಚಿಗೆ ಮೊದಲು ನೋಡಿದರೂ ಆ ಖಾತರಿ ಪೂರ್ತಿಯಾಗಿ ಸಿಗುವುದಿಲ್ಲ, ಏಕೆಂದರೆ ಸ್ಕ್ರಿಪ್ಟ್ ಫ್ಲ್ಯಾಗ್ ಓದಿದ ಮೇಲೆ ಮತ್ತು ಕಮಿಟ್ ಮಾಡುವ ಮುನ್ನ ನೀವು ಅದನ್ನು ಬದಲಾಯಿಸಿದ್ದರೆ ಆ ಒಂದು ಬ್ಯಾಚ್ ನಿಮ್ಮ ಬೆನ್ನ ಹಿಂದೆ ನುಸುಳಿಬಿಡುತ್ತದೆ. ಆದ್ದರಿಂದ ಫ್ಲ್ಯಾಗ್ ಅನ್ನು ದಾಖಲೆಗಳಿರುವ ಡೇಟಾಬೇಸಿನಲ್ಲಿಯೇ, ಕೇಂದ್ರಕ್ಕೊಂದು ಸಾಲಿನಂತೆ ಇಟ್ಟು, ದಾಖಲೆಗಳನ್ನು ಬರೆಯುವ ಟ್ರಾನ್ಸಾಕ್ಷನ್ನಿನ ಒಳಗೇ ಅದನ್ನು ಬೀಗ ಹಾಕಿ ಓದಬೇಕು.

```sql
BEGIN;
SET LOCAL lock_timeout = '5s';
SELECT mode FROM sync_control
 WHERE job = 'kharidi' AND source = 'aldur'
   FOR SHARE;
-- mode 'run' ಅಲ್ಲದಿದ್ದರೆ ROLLBACK
-- ದಾಖಲೆಗಳು + ಓದಿದ ಗುರುತು, ಎರಡೂ ಇಲ್ಲಿ
COMMIT;
```

`FOR SHARE` ಇರುವುದರಿಂದ, ಬ್ಯಾಚ್ ಬರೆಯುತ್ತಿರುವಾಗ ನೀವು `mode` ಅನ್ನು `halt` ಎಂದು ಬದಲಾಯಿಸಲು ಹೋದರೆ ನಿಮ್ಮ `UPDATE` ಆ ಬ್ಯಾಚ್ ಮುಗಿಯುವವರೆಗೆ ಕಾಯುತ್ತದೆ. ನಿಮ್ಮ ಬದಲಾವಣೆ ಕಮಿಟ್ ಆಯಿತೆಂದರೆ ಅದರ ನಂತರ ಯಾವ ಬ್ಯಾಚೂ ಒಳಬರಲಾರದು. ಆಗಲೇ ಕಾಯುತ್ತಾ ನಿಂತಿದ್ದ ಬ್ಯಾಚ್ ಕೂಡ ಪೋಸ್ಟ್‌ಗ್ರೆಸ್‌ನ ಸಹಜ ರೀಡ್ ಕಮಿಟೆಡ್ ಹಂತದಲ್ಲಿ `mode`ನ ಹೊಸ ಮೌಲ್ಯವನ್ನೇ ಓದುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ. ಕೇಂದ್ರದಿಂದ ದಾಖಲೆಗಳನ್ನು ತರುವ ಕೆಲಸ `BEGIN`ಗಿಂತ ಮೊದಲೇ ಮುಗಿದಿರಬೇಕು, ಇಲ್ಲದಿದ್ದರೆ ಮಲೆನಾಡಿನ ನೆಟ್‌ವರ್ಕ್ ತೆವಳುವಷ್ಟು ಹೊತ್ತೂ ಬೀಗ ಹಿಡಿದೇ ಇರುತ್ತದೆ. ಹಾಗೆಯೇ, ಯಾರಾದರೂ `psql`ನಲ್ಲಿ `BEGIN` ಹಾಕಿ ಫ್ಲ್ಯಾಗ್ ಬದಲಾಯಿಸಿ ಕಮಿಟ್ ಮಾಡದೆ ಊಟಕ್ಕೆ ಎದ್ದರೆ ಜಾಬ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. `lock_timeout` ಇರುವುದು ಅದಕ್ಕಾಗಿ. ಆ ಸಮಯ ಮೀರಿದರೆ ಸ್ಕ್ರಿಪ್ಟ್ ಅದನ್ನು ತಡೆಯೆಂದೇ ಭಾವಿಸಿ ಹಿಂದೆ ಸರಿಯಲಿ.

ಕಡೂರು_ಲಿನಕ್ಸ್

`/run` ವಿಷಯ ಒಪ್ಪಿದೆ. ಆದರೆ ಓಡುತ್ತಿರುವುದನ್ನು ನಿಲ್ಲಿಸಲು ಸರ್ವಿಸ್ ಅನ್ನೇ `systemctl stop` ಮಾಡಬಹುದಲ್ಲವೇ? ಅರ್ಧ ಬರೆದ ಬ್ಯಾಚನ್ನು ಪೋಸ್ಟ್‌ಗ್ರೆಸ್ ತಾನೇ ಹಿಂದೆ ತೆಗೆದುಕೊಳ್ಳುತ್ತದೆ.

ಹಾಸನದ_ದಾಖಲೆಗಾರ

ದಾಖಲೆಗಳು ಮತ್ತು ಓದಿದ ಗುರುತು ಒಂದೇ ಟ್ರಾನ್ಸಾಕ್ಷನ್ನಿನಲ್ಲಿದ್ದರೆ ಖಂಡಿತ ಮಾಡಬಹುದು, ಮನೆಗೆ ಬೆಂಕಿ ಬಿದ್ದಾಗ ಅದೇ ಸರಿಯಾದ ದಾರಿ. ಆದರೆ ಹಾಗೆ ಮಾಡಿದರೆ ಆಲ್ದೂರಿನ ಒಂದು ತಪ್ಪಿಗೆ ಉಳಿದೆಲ್ಲ ಕೇಂದ್ರಗಳೂ ನಿಲ್ಲುತ್ತವೆ. ಕೊಯ್ಲಿನ ದಿನಗಳಲ್ಲಿ ಮೂಡಿಗೆರೆಯ ಖರೀದಿ ಅಷ್ಟು ಹೊತ್ತು ಕಾಣದಿರುವುದನ್ನು ಕಚೇರಿಯವರು ಸಹಿಸಲಾರರು. ಅಲ್ಲದೆ, ಸರ್ವರ್‌ನಲ್ಲಿ ಆ ಆದೇಶ ಕೊಡುವ ಅಧಿಕಾರವಿರುವುದು ಒಬ್ಬಿಬ್ಬರಿಗೆ. ಟೇಬಲ್ಲಿನ ಸಾಲನ್ನಾದರೆ ಲೆಕ್ಕಪತ್ರ ವಿಭಾಗದವರಿಗೂ ಒಂದು ಗುಂಡಿಯಾಗಿ ಕೊಡಬಹುದು.

ಮಲ್ಲಂದೂರು_ರಸ್ತೆ

ಪರೀಕ್ಷಾ ಸರ್ವರ್‌ನಲ್ಲಿ `FOR SHARE` ವಿಧಾನವನ್ನು ಹಾಕಿ ನೋಡಿದೆ. ಬ್ಯಾಚ್ ಬರೆಯುತ್ತಿರುವಾಗ `UPDATE` ಕೊಟ್ಟರೆ ಅದು ಕ್ಷಣಕಾಲ ತಡೆದು ಆಮೇಲೆ ಮುಗಿಯುತ್ತದೆ, ಮುಂದಿನ ಬ್ಯಾಚ್ `ROLLBACK` ಆಗುತ್ತದೆ. ಇನ್ನು ಉಳಿದಿರುವುದು ಮತ್ತೆ ಹೊರಡಿಸುವ ಪ್ರಶ್ನೆ. ಆಲ್ದೂರಿನವರು ತಪ್ಪು ದಾಖಲೆಗಳನ್ನು ಅಳಿಸಿ, ಹೊಸದಾಗಿ ಸರಿಯಾದವನ್ನು ಬರೆದಿದ್ದಾರೆ. ಫ್ಲ್ಯಾಗ್ ಅನ್ನು `run`ಗೆ ಮರಳಿಸಿದರೆ ಸಾಕೇ?

ಹಾಸನದ_ದಾಖಲೆಗಾರ

ಸಾಲದು, ದಯವಿಟ್ಟು ಈಗಲೇ ಮರಳಿಸಬೇಡಿ. ಅವರು ಅದೇ ದಾಖಲೆಗಳನ್ನು ತಿದ್ದಿದ್ದರೆ `updated_at` ಮುಂದಕ್ಕೆ ಹೋಗಿ, ನಿಮ್ಮ ಸ್ಕ್ರಿಪ್ಟಿನಲ್ಲಿ `ON CONFLICT ... DO UPDATE` ಇದ್ದಲ್ಲಿ ಹಳೆಯದರ ಮೇಲೆ ಹೊಸದು ಕೂರುತ್ತಿತ್ತು. ಅಳಿಸಿ ಬರೆದಿರುವುದರಿಂದ ಅಳಿಸಿದ ಸುದ್ದಿ ನಿಮ್ಮ ಸಿಂಕ್‌ಗೆ ತಲುಪುವುದೇ ಇಲ್ಲ. ಅದು ಬದಲಾದ ದಾಖಲೆಗಳನ್ನು ಹುಡುಕುತ್ತದೆ, ಇಲ್ಲದ ದಾಖಲೆಗೆ ಬದಲಾದ ಸಮಯವೆಲ್ಲಿಯದು? ಹೀಗಾಗಿ ಒಂದೇ ಖರೀದಿಗೆ ಕಚೇರಿಯಲ್ಲಿ ಎರಡು ದಾಖಲೆಗಳು ಉಳಿಯುತ್ತವೆ, ಒಂದರಲ್ಲಿ ತಪ್ಪು ದರ, ಇನ್ನೊಂದರಲ್ಲಿ ಸರಿಯಾದ ದರ. ಬಿಲ್ಲಿನ ಮೊತ್ತ ಐವತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚುವುದರಿಂದ ಅದು ಕಣ್ಣಿಗೆ ಬೀಳದೆ ಇರಬಹುದು. ತೂಕದ ಮೊತ್ತ ಎರಡರಷ್ಟಾಗಿರುವುದರಿಂದ ಅದನ್ನು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಮೊದಲು 10:30ರ ಓಟದಲ್ಲಿ ಆಲ್ದೂರಿನಿಂದ ಬಂದ ದಾಖಲೆಗಳನ್ನು ಬೇರೊಂದು ಟೇಬಲ್ಲಿಗೆ ಸಾಗಿಸಿ, ಮೂಲ ಟೇಬಲ್ಲಿನಿಂದ ತೆಗೆಯಿರಿ. ಅದಕ್ಕಿಂತ ಹಿಂದಿನ ಓಟದಲ್ಲಿಯೂ ತಪ್ಪು ದರ ಬಂದಿತ್ತೇ ಎಂದು ದರದ ಅಂಕಣವನ್ನು ನೋಡಿಯೇ ತೀರ್ಮಾನಿಸಿ. ಆಮೇಲೆ ಓದಿದ ಗುರುತನ್ನು ತಪ್ಪು ಆರಂಭವಾದ ಸಮಯಕ್ಕಿಂತ ತುಸು ಹಿಂದಕ್ಕೆ ಸರಿಸಿ, ನಂತರವೇ `run` ಮಾಡಿ. ಪ್ರತಿ ದಾಖಲೆಗೂ ಅದು ಯಾವ ಓಟದಲ್ಲಿ ಬಂತೆಂಬ `run_id` ಅಂಕಣ ಇದ್ದಿದ್ದರೆ ಈ ಹುಡುಕಾಟ ಒಂದು ಸಾಲಿನ ಕೆಲಸವಾಗುತ್ತಿತ್ತು. ಫ್ಲ್ಯಾಗ್ ಹಾಕುವಾಗಲೇ ಅದನ್ನೂ ಸೇರಿಸಿಬಿಡಿ; ನನ್ನ ಪ್ರಕಾರ ಫ್ಲ್ಯಾಗ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಸ್ಸೆಮ್ಮೆಸ್ ಜಾಬ್ ಕೂಡ ಕಳುಹಿಸುವ ಮುನ್ನ ಅದೇ `sync_control` ಸಾಲನ್ನು ಓದಬೇಕು. ಸಿಂಕ್ ನಿಂತರೂ ಆಗಲೇ ಒಳಬಂದ ತಪ್ಪನ್ನು ಊರಿಗೆಲ್ಲ ಹಂಚುವುದು ಅದೇ ತಾನೇ. ಕಳುಹಿಸಿದ ಸಂದೇಶವನ್ನು ಯಾವ `ROLLBACK` ಕೂಡ ಹಿಂದಕ್ಕೆ ತರಲಾರದು.

ಬೇಲೂರು_ಬ್ಯಾಕಪ್

ಚರ್ಚೆಯಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಫ್ಲ್ಯಾಗ್ ಡೇಟಾಬೇಸಿನ ಒಳಗಿದ್ದಾಗ, ನಿರ್ವಹಣೆಯ ಭಾಗವಾಗಿ ಆ ಡೇಟಾಬೇಸನ್ನೇ ನಿನ್ನೆಯ ಬ್ಯಾಕಪ್‌ನಿಂದ ಮರಳಿ ಸ್ಥಾಪಿಸಿದರೆ ಫ್ಲ್ಯಾಗ್ ಕೂಡ ನಿನ್ನೆಯ ಸ್ಥಿತಿಗೆ, ಅಂದರೆ `run`ಗೆ ಮರಳುತ್ತದೆ. ನಾವು ಪರಿಶೀಲನೆ ಆರಂಭಿಸುವಷ್ಟರಲ್ಲಿ ಜಾಬ್ ಹೊರಟಿರುತ್ತದೆ. ಆದ್ದರಿಂದ ನಿರ್ವಹಣೆಗೆ `/var/lib`ನ ಫೈಲ್, ದತ್ತಾಂಶದ ತಪ್ಪಿಗೆ ಟೇಬಲ್ಲಿನ ಸಾಲು, ಎರಡೂ ಇರಲಿ. ಇಲ್ಲಿ ಕಡೂರಿನವರ ಸಾಲು ಸರಿಯಾಗಿಯೇ ಒದಗುತ್ತದೆ. ಟೈಮರ್‌ನಲ್ಲಿ `Persistent=true` ಇದ್ದರೆ, ನಿಲ್ಲಿಸಿದ್ದ ಟೈಮರ್ ಮತ್ತೆ ಎದ್ದ ಕೂಡಲೇ ತಪ್ಪಿದ ಓಟವೊಂದನ್ನು ಹೊರಡಿಸುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಮಾತು: ವಿರಾಮದ ಸಾಲಿನಲ್ಲಿ ಕಾರಣ, ಹಾಕಿದವರ ಹೆಸರು ಮತ್ತು ಮುಗಿಯುವ ಸಮಯ ಮೂರೂ ಇರಬೇಕು, ಆ ಸಮಯ ಮುಗಿದೊಡನೆ ಜಾಬ್ ತಾನಾಗಿ ಹೊರಡಬೇಕು. ಶನಿವಾರ ಸಂಜೆ ಹಾಕಿದ ವಿರಾಮವನ್ನು ಸೋಮವಾರದವರೆಗೂ ಯಾರೂ ತೆಗೆಯದಿರುವುದು ನಮ್ಮಲ್ಲಿ ಸಾಮಾನ್ಯ.

ಹಾಸನದ_ದಾಖಲೆಗಾರ

ಬ್ಯಾಕಪ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ತಾನಾಗಿ ಹೊರಡುವುದನ್ನು ಮಾತ್ರ ನಾನು ಒಪ್ಪಲಾರೆ. ತಪ್ಪು ದರ ಇನ್ನೂ ಆಲ್ದೂರಿನಲ್ಲಿಯೇ ಕುಳಿತಿರುವಾಗ ಗಡಿಯಾರದ ಮುಳ್ಳು ನೋಡಿ ಬಾಗಿಲು ತೆರೆಯುವುದು ಸಲ್ಲದು. ಸಮಯ ಮೀರಿದರೆ ಸಂಬಂಧಪಟ್ಟವರಿಗೆ ಗಂಟೆಗೊಮ್ಮೆ ಎಚ್ಚರಿಕೆ ಹೋಗಲಿ, ತೆರೆಯುವುದು ಮನುಷ್ಯರೇ ಆಗಿರಲಿ.

ಬೇಲೂರು_ಬ್ಯಾಕಪ್

ಎಚ್ಚರಿಕೆಗಳನ್ನು ಓದುವವರು ಯಾರು ಎಂಬುದೇ ಪ್ರಶ್ನೆ. ದತ್ತಾಂಶದ ತಪ್ಪಿಗೆ ನಿಮ್ಮ ಮಾತು ಇರಲಿ, ನಿರ್ವಹಣೆಯ ವಿರಾಮ ತಾನಾಗಿಯೇ ಮುಗಿಯಬೇಕೆಂಬುದು ನನ್ನ ಅಭಿಪ್ರಾಯ.

ಮಲ್ಲಂದೂರು_ರಸ್ತೆ

ಆಲ್ದೂರಿನ ದಾಖಲೆಗಳನ್ನು ಬೇರ್ಪಡಿಸಿ, ಗುರುತನ್ನು ಆ ದಿನದ ಬೆಳಗಿನ 9 ಗಂಟೆಗೆ ಸರಿಸಿ, ಇಂದು ಮಧ್ಯಾಹ್ನ ಸಿಂಕ್ ಹೊರಡಿಸಿದೆ. ಕಚೇರಿಯ ತೂಕದ ಮೊತ್ತ ಕೇಂದ್ರದ ತೂಕದ ಪುಸ್ತಕಕ್ಕೆ ತಾಳೆಯಾಗಿದೆ. 10:15ರ ಓಟದಲ್ಲಿಯೂ ಕೆಲವು ತಪ್ಪು ದರಗಳು ಬಂದಿದ್ದವು. ಸಮಯವನ್ನಷ್ಟೇ ನಂಬಿದ್ದರೆ ಅವು ಉಳಿದುಬಿಡುತ್ತಿದ್ದವು. `run_id` ಅಂಕಣ ಸೇರಿಸಿದ್ದೇನೆ, ಎಸ್ಸೆಮ್ಮೆಸ್ ಜಾಬ್ ಕೂಡ ಈಗ ಫ್ಲ್ಯಾಗ್ ನೋಡುತ್ತದೆ. ವಿರಾಮ ತಾನಾಗಿ ಮುಗಿಯಬೇಕೇ ಬೇಡವೇ ಎಂಬುದನ್ನು ಸದ್ಯಕ್ಕೆ ತೀರ್ಮಾನಿಸಿಲ್ಲ. ಫ್ಲ್ಯಾಗ್ ಹಾಕುವ ಅಧಿಕಾರ ಲೆಕ್ಕಪತ್ರ ವಿಭಾಗಕ್ಕೆ ಕೊಡಲು ವ್ಯವಸ್ಥಾಪಕರು ಒಪ್ಪಿದ್ದಾರೆ, ತೆಗೆಯುವ ಅಧಿಕಾರ ಯಾರಿಗೆ ಎಂಬ ಮಾತು ಇನ್ನೂ ನಡೆಯುತ್ತಿದೆ.